ಫ್ರೆಂಚ್‌ನಲ್ಲಿ 70ರಿಂದ 99: ಕಿವಿ ಎಲ್ಲಿ ತಪ್ಪುತ್ತದೆ, ಯಾಕೆ ಹೀಗಿದೆ

ಕೇಳಿದವರು: ಫ್ರೆಂಚ್ ಕಲೀತಾ ಇದ್ದೀನಿ. 69ರ ತನಕ ಸಲೀಸು. 70 ದಾಟಿದ್ರೆ ಯಾರಾದ್ರೂ ಫೋನ್ ನಂಬರ್ ಹೇಳುವಾಗ ಬರ್ಕೊಳ್ಳೋಕೇ ಆಗಲ್ಲ. ಎಂಬತ್ತಕ್ಕೆ 'ನಾಲ್ಕು ಇಪ್ಪತ್ತು' ಅಂತ ಯಾಕೆ ಹೇಳ್ತಾರೆ? ಇದನ್ನ ಪಳಗಿಸಿಕೊಂಡವರು ಹೇಗೆ ಮಾಡಿದ್ರಿ?

ಹಳೇ ವಿದ್ಯಾರ್ಥಿ: ಮೊದಲು 11ರಿಂದ 19 ಗಟ್ಟಿ ಇದೆಯಾ ನೋಡಿ. ತೊಂದರೆ ನಿಜವಾಗಿ ಇರೋದು ಅಲ್ಲೇ. ಫ್ರೆಂಚ್‌ನಲ್ಲಿ 60ರ ನಂತರ ಮನೆಗಳು ಎರಡೇ: ಅರವತ್ತರದ್ದು ಮತ್ತು ಎಂಬತ್ತರದ್ದು. ಒಂದೊಂದು ಮನೆಯಲ್ಲೂ 0ರಿಂದ 19ರ ತನಕ ಇಪ್ಪತ್ತು ಸಂಖ್ಯೆ. 69 ಆದ ಮೇಲೆ ಹೊಸ ಪದ ಹುಟ್ಟುವುದಿಲ್ಲ, ಅರವತ್ತಕ್ಕೇ ಹತ್ತು, ಹನ್ನೊಂದು, ಹನ್ನೆರಡು ಅಂತ ಸೇರಿಸುತ್ತಾ ಹೋಗುತ್ತಾರೆ.

ಉಚ್ಚಾರಣೆ ಹೀಗೆ (ಚುಕ್ಕಿ ಇಟ್ಟ ಜ಼ ಅಂದರೆ 'ಬಾಜ಼ಾರ್' ಅನ್ನುವಾಗ ಬರುವ ಜ಼): ಅರವತ್ತು ಸ್ವಾಸಾಂತ್. 70 ಸ್ವಾಸಾಂತ್ ದಿಸ್, 71 ಸ್ವಾಸಾಂತ್ ಎ ಓಂಜ಼್, 72 ಸ್ವಾಸಾಂತ್ ದೂಜ಼್, ಮುಂದೆ ಬಾಲ ಮಾತ್ರ ಹೇಳುತ್ತೇನೆ: 73 ತ್ರೆಜ಼್, 74 ಕತೋರ್ಜ಼್, 75 ಕ್ಯಾಂಜ಼್, 76 ಸೆಜ಼್. ಹನ್ನೊಂದರಿಂದ ಹತ್ತೊಂಬತ್ತರ ಸಾಲಿನಲ್ಲಿ 16ರ ತನಕ ಮಾತ್ರ ಒಂಟಿ ಪದ. 17, 18, 19 ಎಂದರೆ 'ಹತ್ತು ಏಳು, ಹತ್ತು ಎಂಟು, ಹತ್ತು ಒಂಬತ್ತು'. ಹಾಗಾಗಿ 77 ಸ್ವಾಸಾಂತ್ ದಿಸ್ಸೆತ್ ಆಗಿ ಮೂರು ತುಂಡಾಗುತ್ತದೆ. 78 ಸ್ವಾಸಾಂತ್ ದಿಜ಼್ವಿತ್, 79 ಸ್ವಾಸಾಂತ್ ದಿಜ಼್ನಫ್. ಎಂಬತ್ತು ಕಾತ್ರವ್ಯಾಂ, ಅದಕ್ಕೆ ಇದೇ ಬಾಲ ಸೇರಿಸಿದರೆ 90ರಿಂದ 99 ತಾನಾಗಿ ಬರುತ್ತದೆ. 99 ಕಾತ್ರವ್ಯಾಂ ದಿಜ಼್ನಫ್.

ಇನ್ನೊಂದು ಮಾತು. 'ನಾಲ್ಕು ಇಂಟು ಇಪ್ಪತ್ತು' ಅಂತ ತಲೆಯಲ್ಲಿ ಗುಣಿಸಬೇಡಿ. ನಾವು ಎಂಬತ್ತು ಅನ್ನುವಾಗ ಒಳಗಿರುವ ಎಂಟನ್ನೂ ಹತ್ತನ್ನೂ ಗುಣಿಸ್ತೀವಾ? ಅವರೂ ಇಲ್ಲ. ಕಾತ್ರವ್ಯಾಂ ಅನ್ನೋದು ಒಂದೇ ಉಸಿರಿನ ಒಂದು ಪದ.

ಚೆಕ್ ಬರೆಯುವವರು: ಅಕ್ಷರದಲ್ಲಿ ಬರೆಯುವಾಗ ನನಗೆ ಗೊಂದಲ ಆಗೋದು ಎಂಬತ್ತರ ಕೊನೆಯ ಎಸ್ ಅಕ್ಷರ. ನಿಮಗೂ ಅದೇ ತಾನೆ? ಸರಿಯಾಗಿ 80 ಆಗಿದ್ದು ಮುಂದೆ ಬೇರೆ ಸಂಖ್ಯೆ ಇಲ್ಲದಿದ್ದರೆ ಎಸ್ ಇರುತ್ತದೆ, 83 ಆದರೆ ಹೋಗುತ್ತದೆ. ಎಂಬತ್ತು ಸಾವಿರದಲ್ಲೂ ಇಲ್ಲ. ಎಂಬತ್ತು ಮಿಲಿಯನ್‌ನಲ್ಲಿ ಮಾತ್ರ ಉಳಿಯುತ್ತದೆ, ಯಾಕೆಂದರೆ ಮಿಲಿಯನ್ ಅವರ ಲೆಕ್ಕದಲ್ಲಿ ನಾಮಪದ, ಸಂಖ್ಯಾಪದವಲ್ಲ. ಪುಟ 80 ಅನ್ನುವಾಗ, ಎಂಬತ್ತರ ದಶಕ ಅನ್ನುವಾಗ ಎಸ್ ಬೇಡ.

ಕೇಳಿದವರು: ಬರೆಯೋದಲ್ಲ ಸರ್, ಕೇಳಿಸಿಕೊಳ್ಳೋದು. ಆದರೂ ಇದೂ ಗೊತ್ತಿರಲಿಲ್ಲ.

ಹಳೇ ವಿದ್ಯಾರ್ಥಿ: ಆ ಎಸ್ ಕಿವಿಗೂ ಬೀಳುತ್ತದೆ ಬಿಡಿ. ಎಂಬತ್ತು ವರ್ಷ ಅನ್ನುವಾಗ ಕಾತ್ರವ್ಯಾಂಜ಼ಾಂ, ನಡುವೆ ಜ಼ ಕೇಳುತ್ತದೆ. ಮಿಕ್ಕ ಕಡೆ ಅದು ಮೌನ.

ಕಿವಿಗೆ ಬಿದ್ದದ್ದು: ಫೋನ್ ನಂಬರಿಗೆ ಬರೋಣ. ಫ್ರಾನ್ಸಿನಲ್ಲಿ ನಂಬರ್ ಹತ್ತು ಅಂಕಿ, ಅದನ್ನು ಎರಡೆರಡಾಗಿ ಐದು ಜೋಡಿ ಮಾಡಿ ಓದುತ್ತಾರೆ. ಈ ಐದು ಅನ್ನುವುದೇ ನಿಮ್ಮ ತಕ್ಕಡಿ. ಉದಾಹರಣೆಗೆ ಕಾಲ್ಪನಿಕ ಬಳಕೆಗೆಂದು ಬಿಟ್ಟ ಸರಣಿಯಲ್ಲಿ ಒಂದು ನಂಬರ್ ತಗೊಳ್ಳಿ: 06 39 98 60 12. ಹೇಳುವವರು ಜ಼ೆರೊ ಸಿಸ್, ತ್ರಾಂತ್ ನಫ್, ಕಾತ್ರವ್ಯಾಂ ದಿಜ಼್ವಿತ್, ಸ್ವಾಸಾಂತ್, ದೂಜ಼್ ಅನ್ನುತ್ತಾರೆ.

ಇಲ್ಲಿ ಎರಡು ಗುಂಡಿ. ಮೊದಲನೆಯದು 98. ಕಾತ್ರ್ ಕೇಳಿದ ಕೂಡಲೇ ಕೈ 4 ಬರೆಯುತ್ತದೆ, ಆಮೇಲೆ 20, ಆಮೇಲೆ 18. ಬರೆದದ್ದು 06 39 4 20 18 ಆಯಿತು, ಅಲ್ಲಿಗೇ ಒಂಬತ್ತು ಅಂಕಿ. ಮುಂದಿನದು ಸೇರಿದರೆ ಹತ್ತು ಮೀರುತ್ತದೆ. ಎರಡನೆಯದು ಇದಕ್ಕೆ ಉಲ್ಟಾ: 60 ಮತ್ತು 12 ಬೇರೆ ಬೇರೆ ಜೋಡಿ, ಆದರೆ ಕಿವಿ ಎರಡನ್ನೂ ಸೇರಿಸಿ 72 ಮಾಡುತ್ತದೆ. ಆಗ ಎಂಟೇ ಅಂಕಿ ಸಿಗುತ್ತದೆ. ಅಂಕಿ ಹೆಚ್ಚಾದರೆ ನೀವು ಒಂದನ್ನು ಒಡೆದಿದ್ದೀರಿ, ಕಡಿಮೆಯಾದರೆ ಎರಡನ್ನು ಬೆಸೆದಿದ್ದೀರಿ.

60 12 ಮತ್ತು 72ರ ವ್ಯತ್ಯಾಸ ಕೇಳಲೂ ಸಾಧ್ಯ. ಫ್ರೆಂಚ್‌ನಲ್ಲಿ ಒತ್ತು ಪದಗುಂಪಿನ ಕೊನೆಗೆ ಬೀಳುತ್ತದೆ. 72ರಲ್ಲಿ ಒತ್ತು ದೂಜ಼್ ಮೇಲೆ ಮಾತ್ರ, ಸ್ವಾಸಾಂತ್ ಸರ್ರನೆ ಜಾರಿಹೋಗುತ್ತದೆ. 60, 12 ಆದರೆ ಸ್ವಾಸಾಂತ್‌ಗೂ ಒತ್ತು ಇದ್ದು ಆಮೇಲೆ ಸಣ್ಣ ನಿಲುಗಡೆ ಇರುತ್ತದೆ. 80 11 ಮತ್ತು 91ಕ್ಕೂ ಇದೇ.

ಆದ್ದರಿಂದ ಕೈಗೆ ಒಂದೇ ಶಿಸ್ತು: ಸ್ವಾಸಾಂತ್ ಅಥವಾ ಕಾತ್ರವ್ಯಾಂ ಕೇಳಿದಾಗ ಪೆನ್ನು ಎತ್ತಿ ಹಿಡಿಯಿರಿ. ಬಾಲ ಏನು ಬಂತು ಅಂತ ಕೇಳಿದ ಮೇಲೆ 6 ಬೇಕೋ 7 ಬೇಕೋ ನಿರ್ಧಾರ.

ಅರ್ಧ ಇತಿಹಾಸ: ಇದು ಫ್ರಾನ್ಸಿನ ಹಳೇ ನಿವಾಸಿಗಳಾದ ಗಾಲ್ ಜನರ ಲೆಕ್ಕ. ರೋಮನ್ನರು ಬರುವ ಮುಂಚೆ ಕೈಬೆರಳು ಕಾಲ್ಬೆರಳು ಸೇರಿಸಿ ಇಪ್ಪತ್ತರಲ್ಲಿ ಎಣಿಸುತ್ತಿದ್ದರು, ಫ್ರೆಂಚ್ ಅದನ್ನೇ ಇಟ್ಟುಕೊಂಡಿತು. ಪೂರ್ತಿ ಇಪ್ಪತ್ತರ ಪದ್ಧತಿ. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನವರು ಮಾತ್ರ ಬುದ್ಧಿವಂತಿಕೆಯಿಂದ ಪೂರ್ತಿ ಸರಿಮಾಡಿಕೊಂಡರು.

ಹಳೇ ವಿದ್ಯಾರ್ಥಿ: ಅರ್ಧ ಒಪ್ಪುತ್ತೇನೆ. ಪೂರ್ತಿ ಇಪ್ಪತ್ತರ ಪದ್ಧತಿ ಆಗಿದ್ದರೆ 60 'ಮೂರು ಇಪ್ಪತ್ತು' ಆಗಬೇಕಿತ್ತು. ಈಗಿನ ಸ್ವಾಸಾಂತ್ ಲ್ಯಾಟಿನ್‌ನಿಂದ ಬಂದ ಹತ್ತರ ಲೆಕ್ಕದ ಪದ. ಅಂದರೆ ಇದು ಕಲಬೆರಕೆ: 60ರ ತನಕ ಹತ್ತರಲ್ಲಿ, ಆಮೇಲೆ ಇಪ್ಪತ್ತರಲ್ಲಿ.

ಮಧ್ಯಯುಗದ ಫ್ರೆಂಚ್‌ನಲ್ಲಿ ಎರಡೂ ಪದ್ಧತಿ ಅಕ್ಕಪಕ್ಕ ಬದುಕಿದ್ದವು. 'ಮೂರು ಇಪ್ಪತ್ತು', 'ಆರು ಇಪ್ಪತ್ತು' ಅಂತ 120ರ ತನಕ, ಅದಕ್ಕೂ ಆಚೆ ಎಣಿಸುತ್ತಿದ್ದರು. ಸಾಕ್ಷಿ ಈಗಲೂ ಪ್ಯಾರಿಸ್‌ನಲ್ಲಿ ನಿಂತಿದೆ: 13ನೇ ಶತಮಾನದಲ್ಲಿ ರಾಜ ಒಂಬತ್ತನೇ ಲೂಯಿ ಮುನ್ನೂರು ಕುರುಡರಿಗಾಗಿ ಕಟ್ಟಿಸಿದ ಆಶ್ರಯದ ಹೆಸರು ಕ್ಯಾಂಜ಼್ ವ್ಯಾಂ, 'ಹದಿನೈದು ಇಪ್ಪತ್ತು'. ಹದಿನೈದು ಸಲ ಇಪ್ಪತ್ತು ಮುನ್ನೂರು. ಇವತ್ತು ಅದೇ ಹೆಸರಿನಲ್ಲಿ ಕಣ್ಣಿನ ಆಸ್ಪತ್ರೆ ನಡೆಯುತ್ತಿದೆ.

ಅದೇ ಹೊತ್ತಿಗೆ ಲ್ಯಾಟಿನ್ ಮೂಲದ ಸೆಪ್ತಾಂತ್ (70), ನೊನಾಂತ್ (90) ಕೂಡ ಬಳಕೆಯಲ್ಲಿದ್ದವು. 1647ರಲ್ಲಿ ವೊಜ್‌ಲಾ ಎಂಬ ವ್ಯಾಕರಣಕಾರ ಸೆಪ್ತಾಂತ್ ಶಿಷ್ಟ ಫ್ರೆಂಚ್ ಅಲ್ಲ, ಸ್ವಾಸಾಂತ್ ದಿಸ್ ಅನ್ನಬೇಕು ಅಂತ ಬರೆದ. ರಾಜನ ದರ್ಬಾರಿನ, ಪ್ಯಾರಿಸ್ಸಿನ ಬಳಕೆಯೇ ಮಾದರಿ ಅನ್ನುವುದು ಅವನ ನಿಲುವು. ಪ್ಯಾರಿಸ್ಸಿನಿಂದ ದೂರದ ಅಂಚುಗಳಲ್ಲಿ ಹಳೆಯದು ಉಳಿಯಿತು. ಹಾಗಾಗಿ ಬೆಲ್ಜಿಯಂನವರು ಸರಿಮಾಡಿಕೊಂಡದ್ದಲ್ಲ, ಇದ್ದದ್ದನ್ನು ಬಿಡಲಿಲ್ಲ ಅಷ್ಟೆ.

ಅದೂ ಪೂರ್ತಿಯಲ್ಲ. ಬೆಲ್ಜಿಯಂನಲ್ಲಿ 70 ಸೆಪ್ತಾಂತ್, 90 ನೊನಾಂತ್, ಆದರೆ 80 ಕಾತ್ರವ್ಯಾಂ. ಸ್ವಿಟ್ಜರ್ಲೆಂಡಿನಲ್ಲಿ ವೋ, ವಾಲೆ, ಫ್ರಿಬೂರ್ ಪ್ರಾಂತ್ಯಗಳ ಕಡೆ 80ಕ್ಕೆ ವಿತಾಂತ್ ಕೇಳುತ್ತದೆ, ಜಿನೀವಾದಲ್ಲಿ ಕಾತ್ರವ್ಯಾಂ.

ಅರ್ಧ ಇತಿಹಾಸ: ಆದರೆ ವಾಯವ್ಯ ಫ್ರಾನ್ಸಿನ ಬ್ರೆಟನ್ ಭಾಷೆಯಲ್ಲೂ 80 'ನಾಲ್ಕು ಇಪ್ಪತ್ತು'. ಅದು ಗಾಲ್ ಜನರ ಮಾತಿನ ಬಂಧು. ಇನ್ನೇನು ಪುರಾವೆ ಬೇಕು?

ಹಳೇ ವಿದ್ಯಾರ್ಥಿ: ಫ್ರಾನ್ಸ್-ಸ್ಪೇನ್ ಗಡಿಯ ಬಾಸ್ಕ್ ಭಾಷೆಯಲ್ಲೂ 80 'ನಾಲ್ಕು ಇಪ್ಪತ್ತು'. ಅದು ಗಾಲ್ ಜನರ ಮಾತಿಗೆ ಬಂಧುವೇ ಅಲ್ಲ. ಗಾಲ್ ಜನರ ಮಾತು ಸತ್ತು ಶತಮಾನಗಳಾದ ಮೇಲೆ ಫ್ರೆಂಚ್ ಬರಹದಲ್ಲಿ ಇಪ್ಪತ್ತರ ಲೆಕ್ಕ ಕಾಣುವುದರಿಂದ ನಡುವಿನ ಕೊಂಡಿ ಕಾಣೆ. ಗಾಲ್ ಮೂಲ ಸಾಧ್ಯ, ಆದರೆ ತೀರ್ಮಾನ ಆಗಿಲ್ಲ.

ಲೋಜ಼ಾನ್‌ಗೆ ಹೊರಟವರು: ನಾನು ಎರಡು ತಿಂಗಳು ಸ್ವಿಟ್ಜರ್ಲೆಂಡಿನ ಲೋಜ಼ಾನ್‌ನಲ್ಲಿ ಇರಬೇಕು. ಹಾಗಾದ್ರೆ ಸೆಪ್ತಾಂತ್, ವಿತಾಂತ್, ನೊನಾಂತ್ ಮಾತ್ರ ಕಲಿತರೆ ಸಾಕಾ? ಅರವತ್ತೊಂದು ಅರವತ್ತೆರಡರ ಹಾಗೇ ಸಾಗುತ್ತೆ, ಹಿಂದಿಯ ಉನಾಸೀ, ನವಾಸೀ ತರಹ ಒಂದೊಂದೂ ಬೇರೆ ಕಲಿಯೋದಿಲ್ಲ ಅನ್ನೋದೇ ಸಂತೋಷ.

ಕಿವಿಗೆ ಬಿದ್ದದ್ದು: ಮಾತಾಡೋಕೆ ಸಾಕು, ಲೋಜ಼ಾನ್ ವೋ ಪ್ರಾಂತ್ಯದಲ್ಲೇ ಇದೆ. ಕೇಳೋಕೆ ಸಾಲದು. ಫ್ರೆಂಚ್ ಟಿವಿ, ಫ್ರಾನ್ಸಿನಿಂದ ಬಂದ ಸಹೋದ್ಯೋಗಿ, ಎಲ್ಲರೂ ಕಾತ್ರವ್ಯಾಂ ದಿಸ್ ಅಂತಾರೆ.

ಚೆಕ್ ಬರೆಯುವವರು: ನನಗೆ ಕೇಳುವಾಗ 24 ಮತ್ತು 84 ಕಲಸುತ್ತದೆ. ಎರಡರಲ್ಲೂ ವ್ಯಾಂ, ಕಾತ್ರ್.

ಕಿವಿಗೆ ಬಿದ್ದದ್ದು: ತ್ ಹಿಡಿಯಿರಿ. 22ರಿಂದ 29ರಲ್ಲಿ ವ್ಯಾಂ ಆದ ಮೇಲೆ ತ್ ಕೇಳುತ್ತದೆ: 24 ವ್ಯಾಂತ್ ಕಾತ್ರ್. 81ರಿಂದ 99ರಲ್ಲಿ ಆ ತ್ ಬರುವುದೇ ಇಲ್ಲ: 84 ಕಾತ್ರವ್ಯಾಂ ಕಾತ್ರ್. ಫ್ರಾನ್ಸಿನಲ್ಲಿ 04ರಿಂದ ಶುರುವಾಗುವ ನಂಬರ್‌ಗಳಿವೆ. 04 24 ಅಂದರೆ ಜ಼ೆರೊ ಕಾತ್ರ್, ವ್ಯಾಂತ್ ಕಾತ್ರ್. ಅದನ್ನು 0 84 ಅಂತ ಬರೆದುಕೊಳ್ಳುವುದು ಸಾಮಾನ್ಯ ತಪ್ಪು. ತ್ ಕೇಳಿತೋ, ಅದು ಎಂಬತ್ತರ ಮನೆಯದಲ್ಲ.

81 ಕಾತ್ರವ್ಯಾಂ ಆಂ, ಎರಡು ಮೂಗಿನ ಸ್ವರ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ನಡುವೆ ತ್ ಹಾಕಿದರೆ ಕೇಳುವವರಿಗೆ ಕಸಿವಿಸಿ.

ಅಭ್ಯಾಸಕ್ಕೆ ಪ್ಯಾರಿಸ್ ಪ್ರದೇಶವೇ ಒಳ್ಳೆಯ ಸಾಮಗ್ರಿ. ಅಲ್ಲಿನ ಎಂಟು ಜಿಲ್ಲೆಗಳ ಸಂಖ್ಯೆ 75, 77, 78, 91, 92, 93, 94, 95. ಎಂಟಕ್ಕೆ ಎಂಟೂ ನಿಮ್ಮ ಕಷ್ಟದ ಸಾಲಿನವೇ. ಪಿನ್‌ಕೋಡು ಇದೇ ಎರಡು ಅಂಕಿಯಿಂದ ಶುರು. ಒಂದು ಅಪವಾದ: 93ನ್ನು ಅಲ್ಲಿನ ಹುಡುಗರು ಕಾತ್ರವ್ಯಾಂ ತ್ರೆಜ಼್ ಬಿಟ್ಟು ನಫ್ ತ್ರ್ವಾ, 'ಒಂಬತ್ತು ಮೂರು' ಅನ್ನುತ್ತಾರೆ. ಅದು ಆಡುಮಾತು, ಫೋನ್ ನಂಬರಿನಲ್ಲಿ ಅದನ್ನು ನಿರೀಕ್ಷಿಸಬೇಡಿ.

ಕೇಳಿದವರು: ಪ್ರಯತ್ನ ಮಾಡ್ತೀನಿ, ತಿದ್ದಿ. 75 ಸ್ವಾಸಾಂತ್ ಕ್ಯಾಂಜ಼್, 77 ಸ್ವಾಸಾಂತ್ ದಿಸ್ಸೆತ್, 78 ಸ್ವಾಸಾಂತ್ ದಿಜ಼್ವಿತ್, 91 ಕಾತ್ರವ್ಯಾಂ ಎ ಓಂಜ಼್, 92 ಕಾತ್ರವ್ಯಾಂ ದೂಜ಼್, 95 ಕಾತ್ರವ್ಯಾಂ ಕ್ಯಾಂಜ಼್.

ಹಳೇ ವಿದ್ಯಾರ್ಥಿ: 91ರಲ್ಲಿ 'ಎ' ಬೇಡ, ಕಾತ್ರವ್ಯಾಂ ಓಂಜ಼್. ಆ 'ಎ' 21, 31, 41, 51, 61, 71ಕ್ಕೆ ಬಂದು ಅಲ್ಲಿಗೇ ನಿಲ್ಲುತ್ತದೆ, ಎಂಬತ್ತರ ಮನೆಗೆ ಕಾಲಿಡುವುದಿಲ್ಲ. 93, 94 ಬಿಟ್ಟಿದ್ದೀರಿ, ಅವನ್ನೂ ಹೇಳಿ.