ಪದಚರ್ಚೆ: ‘ಸಿಂಗಲ್ ಪಾಸ್ ಸ್ಟೀರಿಯೊ’ಗೆ ‘ಏಕಚಿತ್ರಣ’ ಸರಿಯೇ?

ಅನುವಾದಕಿ: ವಿಆರ್ ಹೆಡ್‌ಸೆಟ್‌ಗೆ ಆಟ ರೂಪಿಸುವವರ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸಿಂಗಲ್ ಪಾಸ್ ಸ್ಟೀರಿಯೊ’ ಬಂದಲ್ಲೆಲ್ಲ ‘ಏಕಚಿತ್ರಣ’ ಎಂದು ಬರೆದಿದ್ದೇನೆ. ಒಂದೇ ಚಿತ್ರ ಬರೆದು ಎರಡೂ ಕಣ್ಣಿಗೆ ತೋರಿಸುವುದರಿಂದ ಕೆಲಸ ಅರ್ಧಕ್ಕಿಳಿಯುತ್ತದೆ ಎಂದು ನನ್ನ ತಿಳಿವಳಿಕೆ. ‘ಮೋಷನ್ ಸಿಕ್‌ನೆಸ್’ಗೂ ಒಂದು ಪದ ಬೇಕು.

ನಿವೃತ್ತ ಅಧ್ಯಾಪಕರು: ಸ್ಟೀರಿಯೊ ಎಂದರೆ ಎರಡು ಸ್ಪೀಕರ್‌ಗಳ ಧ್ವನಿಯಲ್ಲವೇ? ‘ಜೋಡಿಧ್ವನಿ’ ಎಂದರಾಯಿತು.

ಗ್ರಾಫಿಕ್ಸ್ ಪ್ರೋಗ್ರಾಮರ್: ಇಲ್ಲಿ ಧ್ವನಿಯ ಮಾತಿಲ್ಲ ಸರ್, ಎರಡು ಕಣ್ಣುಗಳದ್ದು. ಮೇಡಂ, ‘ಏಕಚಿತ್ರಣ’ ದಾರಿ ತಪ್ಪಿಸುತ್ತದೆ. ಒಂದೇ ಚಿತ್ರವನ್ನು ಎರಡೂ ಕಣ್ಣಿಗೆ ಕೊಟ್ಟರೆ ಆಳವೇ ಕಾಣಿಸುವುದಿಲ್ಲ. ಎರಡು ಚಿತ್ರಗಳನ್ನೂ ಬರೆಯಲೇಬೇಕು. ಒಂದಾಗುವುದು ಸಿಪಿಯು ಕೊಡುವ ಆಜ್ಞೆ ಮಾತ್ರ.

ದೃಶ್ಯದಲ್ಲಿ 300 ವಸ್ತುಗಳಿವೆ, ಒಂದೊಂದಕ್ಕೂ ಒಂದು ಆಜ್ಞೆ ಎಂದಿಟ್ಟುಕೊಳ್ಳಿ. ಹಳೆಯ ಕ್ರಮದಲ್ಲಿ ಎಡಗಣ್ಣಿಗೆ 300, ಬಲಗಣ್ಣಿಗೆ ಮತ್ತೆ 300 ಆಜ್ಞೆ. ಹೊಸ ಕ್ರಮದಲ್ಲಿ ಒಟ್ಟು 300. ಪ್ರತಿಯೊಂದನ್ನೂ ಚಿತ್ರ ಬರೆಯುವ ಚಿಪ್ ಆದ ಜಿಪಿಯು ಎರಡು ಪ್ರತಿಯಾಗಿ ಎರಡು ಪದರಗಳಲ್ಲಿ ಬರೆಯುತ್ತದೆ. ಬಣ್ಣ ತುಂಬಬೇಕಾದ ಪಿಕ್ಸೆಲ್‌ಗಳು ಒಂದೂ ಕಡಿಮೆಯಾಗುವುದಿಲ್ಲ. ಹಾಗಾಗಿ ‘ಕೆಲಸ ಅರ್ಧ’ ಎಂಬುದು ಸಿಪಿಯು ಮಟ್ಟಿಗೆ ಮಾತ್ರ ನಿಜ. ಭಾರ ಎಲ್ಲಿದೆಯೆಂದು ತಿಳಿಯಲು ಚಿತ್ರದ ರೆಸಲ್ಯೂಷನ್ ಇಳಿಸಿ ನೋಡಬೇಕು. ಫ್ರೇಮಿಗೆ ಹಿಡಿಯುವ ಸಮಯ ಕದಲದಿದ್ದರೆ ಅಡಚಣೆ ಬಹುಮಟ್ಟಿಗೆ ಸಿಪಿಯುವಿನದು. ಆಗ ಈ ವಿಧಾನದಿಂದ ಲಾಭವಿದೆ. ಸಮಯ ಇಳಿದರೆ ಇದರಿಂದ ಹೆಚ್ಚೇನೂ ದಕ್ಕದು.

ಆಟ ರೂಪಿಸುವ ವಿದ್ಯಾರ್ಥಿ: ಯೂನಿಟಿಯಲ್ಲಿ ಇದನ್ನು ಹಾಕಿದ ಮೇಲೆ ನನ್ನ ಆಟದ ನೀರು ಎಡಗಣ್ಣಿಗೆ ಮಾತ್ರ ಕಾಣಿಸುತ್ತಿದೆ. ಹೆಡ್‌ಸೆಟ್ ಕೆಟ್ಟಿದೆಯೇ?

ಗ್ರಾಫಿಕ್ಸ್ ಪ್ರೋಗ್ರಾಮರ್: ಹೆಡ್‌ಸೆಟ್ ಚೆನ್ನಾಗಿಯೇ ಇದೆ. ನೀರು ಹೇಗೆ ಕಾಣಬೇಕೆಂದು ಜಿಪಿಯುಗೆ ಹೇಳುವ ಪುಟ್ಟ ಪ್ರೋಗ್ರಾಂ, ಅಂದರೆ ಶೇಡರ್, ನೀವೇ ಬರೆದದ್ದಿರಬೇಕು. ಯಾವ ಕಣ್ಣಿಗೆ ಬರೆಯುತ್ತಿದ್ದೇನೆಂದು ಅದಕ್ಕೆ ಗೊತ್ತಿಲ್ಲ. ವರ್ಟೆಕ್ಸ್ ಭಾಗದಲ್ಲಿ ಇವೆರಡು ಸಾಲುಗಳಿವೆಯೇ ನೋಡಿ:

```
UNITY_SETUP_INSTANCE_ID(v);
UNITY_INITIALIZE_VERTEX_OUTPUT_STEREO(o);
```

ಒಳಬರುವ, ಹೊರಹೋಗುವ ಸ್ಟ್ರಕ್ಟ್‌ಗಳಲ್ಲೂ ಇವುಗಳ ಜೊತೆಯ ಘೋಷಣೆಗಳು ಬೇಕು.

ಮಲೆನಾಡಿನ ಓದುಗರು: ಎರಡನೆಯ ಪದಕ್ಕೆ ‘ಪ್ರಯಾಣದ ವಾಕರಿಕೆ’ ಸಾಲದೇ? ಆಗುಂಬೆ ಘಾಟಿಯಲ್ಲಿ ಬಸ್ಸಿನೊಳಗೆ ಪತ್ರಿಕೆ ಓದಿದರೆ ನನಗೆ ಆಗುವುದು ಅದೇ.

ಗ್ರಾಫಿಕ್ಸ್ ಪ್ರೋಗ್ರಾಮರ್: ನಿಮ್ಮದು ತಿರುವುಮುರುವು. ಬಸ್ಸಿನಲ್ಲಿ ಒಳಕಿವಿಗೆ ಚಲನೆ ತಿಳಿಯುತ್ತದೆ, ಪತ್ರಿಕೆಯ ಮೇಲಿರುವ ಕಣ್ಣಿಗೆ ತಿಳಿಯದು. ಹೆಡ್‌ಸೆಟ್‌ನಲ್ಲಿ ಕುಳಿತವನ ಕಣ್ಣು ಓಡುತ್ತದೆ, ಒಳಕಿವಿ ಸುಮ್ಮನಿರುತ್ತದೆ. ಇದರ ಮೇಲೆ ಫ್ರೇಮ್ ತಪ್ಪುವ ಕಾಟ. ಸೆಕೆಂಡಿಗೆ 72 ಫ್ರೇಮ್ ಎಂದರೆ ಒಂದಕ್ಕೆ ಸಿಗುವುದು 13.9 ಮಿಲಿಸೆಕೆಂಡು. 15 ಆಯಿತೆಂದರೆ ಆ ಸರದಿ ಹೋಯಿತು. ಹಳೆಯ ಚಿತ್ರವನ್ನೇ ತಲೆ ತಿರುಗಿದಷ್ಟು ಸರಿಸಿ ತೋರಿಸಿ ಹೆಡ್‌ಸೆಟ್ ಸಂಭಾಳಿಸುತ್ತದೆ, ಆದರೆ ಹತ್ತಿರದಲ್ಲಿ ಆಡುವ ಕೈ ನಡುಗಿದಂತೆ ಕಾಣುತ್ತದೆ. ಫ್ರೇಮ್ ಸ್ಥಿರವಾದರೆ ಈ ಎರಡನೆಯ ಕಾಟ ತಪ್ಪುತ್ತದೆ, ಮೊದಲನೆಯದು ಉಳಿಯುತ್ತದೆ.

ಅನುವಾದಕಿ: ಹಾಗಾದರೆ ‘ಒಂದೇ ಆಜ್ಞೆಯ ಜೋಡಿಚಿತ್ರಣ’ ಎನ್ನಲೇ? ಉದ್ದವಾಯಿತೇನೋ.

ನಿವೃತ್ತ ಅಧ್ಯಾಪಕರು: ‘ಜೋಡಿ’ ನನ್ನದೇ ಸಲಹೆ, ನೆನಪಿರಲಿ. ‘ವಾಕರಿಕೆ’ಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ, ಕೆಲವರಿಗೆ ಬರಿಯ ತಲೆಸುತ್ತು ಇರುತ್ತದೆ.