ಅಪ್‌ಡೇಟ್: ಹೋಂಸ್ಟೇಗೆ ಕಳಿಸಿದ ಮೇಲ್‌ಗೆ ಉತ್ತರ ಬಂತು

ನಾನು ಕೇಳಿದ್ದು: "ಈಗಷ್ಟೇ ಡಿಗ್ರಿ ಮುಗಿಸಿದ ಶಿವಮೊಗ್ಗದ ಹುಡುಗ. ಹಳೇ ಕ್ಲೈಂಟ್ ಯಾರೂ ಇಲ್ಲ. ಹೋಂಸ್ಟೇ ವೆಬ್‌ಸೈಟ್ ಸರಿಮಾಡಿ ಕೊಡ್ತೀನಿ ಅಂತ ಅಪರಿಚಿತರಿಗೆ ಹೇಗೆ ಬರೀಲಿ?"

ನನ್ನ ಬಗ್ಗೆ ಒಂದೇ ಸಾಲು ಬರೆದು, ಉಳಿದದ್ದೆಲ್ಲ ಅವರ ಸೈಟ್ ಬಗ್ಗೆಯೇ ಬರೆದೆ. ಆಗುಂಬೆ ಕಡೆಯ ಒಂದು ಹೋಂಸ್ಟೇ. ಅವರ ಸೈಟಿನ ಮೊದಲ ಫೋಟೋನೇ 6 ಎಂಬಿ. ಘಾಟಿಯ ಸಿಗ್ನಲ್‌ನಲ್ಲಿ ಅದು ತೆರೆಯೋಷ್ಟರಲ್ಲಿ ಗಿರಾಕಿ ಬೇರೆ ಕಡೆ ಬುಕ್ ಮಾಡಿರ್ತಾರೆ. ಅದರ ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ ಸೇವ್ ಮಾಡಿದಾಗ 300 ಕೆಬಿ ಆಯ್ತು. ಮೊಬೈಲಲ್ಲಿ ನೋಡಿದರೆ ವ್ಯತ್ಯಾಸವೇ ಗೊತ್ತಾಗಲ್ಲ. ಎರಡರ ಸ್ಕ್ರೀನ್‌ಶಾಟನ್ನೂ ಮೇಲ್ ಒಳಗೇ ಕಾಣೋ ಹಾಗೆ ಹಾಕಿದೆ. ಗುರುತಿಲ್ಲದವರು ಕಳಿಸಿದ ಫೈಲ್ ತೆರೆಯೋಕೆ ಜನ ಹೆದರ್ತಾರೆ.

ಸಬ್ಜೆಕ್ಟ್: "ನಿಮ್ಮ ಸೈಟಿನ ಮೊದಲ ಫೋಟೋ ಮೊಬೈಲಲ್ಲಿ ನಿಧಾನ".

ಕೊನೆಗೆ: "ಸರ್, ನಾನು ಹೊಸಬ. ಈ ಒಂದು ಫೋಟೋಗೆ ದುಡ್ಡು ಬೇಡ. ಉಳಿದವೆಲ್ಲ ಸೇರಿ ₹1,500, ಕೆಲಸ ನೋಡಿದ ಮೇಲೆ ಕೊಡಿ. ಮಾಡಲಾ?"

ಯಜಮಾನರು ಫೋನೇ ಮಾಡಿದರು. "ಪಾಸ್‌ವರ್ಡ್ ಕೊಡಬೇಕೇನಪ್ಪಾ?" ಅನ್ನೋದೇ ಅವರ ಮೊದಲ ಪ್ರಶ್ನೆ. ಅವರದು ವರ್ಡ್‌ಪ್ರೆಸ್ ಸೈಟ್. "ಬೇಡ ಸರ್, ನನಗೇ ಬೇರೆ ಎಡಿಟರ್ ಲಾಗಿನ್ ಮಾಡಿಕೊಡಿ, ಕೆಲಸ ಮುಗಿದ ಮೇಲೆ ಅಳಿಸಿಬಿಡಿ" ಅಂದೆ. ಅಷ್ಟಕ್ಕೇ ಒಪ್ಪಿದರು. ಮುಂದಿನ ಮೇಲ್‌ಗಳಲ್ಲಿ ಈ ಕೆಲಸವನ್ನು ಅವರ ಹೆಸರಿನ ಜೊತೆ ತೋರಿಸೋಕೂ ಅನುಮತಿ ಕೊಟ್ಟಿದ್ದಾರೆ.