ಮೇಸ್ತ್ರಿಯ ವಾಯ್ಸ್ ನೋಟ್‌ನಿಂದ ನಾಲ್ಕು ಸಾಲಿನ ಮೆಸೇಜ್

ಕೇಳಿದವರು: ಮೇಸ್ತ್ರಿ ಸೈಟಿಂದ ಮೂರು ನಿಮಿಷದ ವಾಯ್ಸ್ ನೋಟ್ ಹಾಕುತ್ತಾರೆ. ಫೋನು ಅದನ್ನು ಅಕ್ಷರಕ್ಕೆ ಇಳಿಸಿಕೊಡುತ್ತದೆ, ಆದರೆ ಬರೀ ‘ಅದೇನಂದ್ರೆ’, ‘ಆಮೇಲೆ’, ಹೇಳಿದ್ದೇ ಹೇಳಿರುವುದು. ಮನೆ ಮಾಲೀಕರಿಗೆ ನೀಟಾಗಿ ನಾಲ್ಕು ಸಾಲಲ್ಲಿ ಕಳಿಸಬೇಕು. ನೀವೆಲ್ಲ ಹೇಗೆ ಮಾಡುತ್ತೀರಿ?

ಅಂಗಡಿ ಲೆಕ್ಕ ನೋಡುವವರು: ನಾನು ‘ಅಂದ್ರೆ’, ‘ಆಮೇಲೆ’, ‘ಅದೇ’, ‘ಏನೋ’, ‘ಅನ್ಸುತ್ತೆ’ ಇವನ್ನೆಲ್ಲ ಹುಡುಕಿ ಒಂದೇ ಸಲಕ್ಕೆ ಅಳಿಸಿಬಿಡುತ್ತೇನೆ. ಅರ್ಧಕ್ಕರ್ಧ ಇಳಿಯುತ್ತದೆ. ಏನು ಬೇಕು ಅನ್ನೋದನ್ನು ಮೊದಲ ಸಾಲಿಗೆ ತಂದರೆ ಮುಗೀತು.

ಸೈಟ್ ಇಂಜಿನಿಯರ್: ಮೊದಲ ಸಾಲಿನ ಮಾತು ಸರಿ ಸಾರ್, ಆದರೆ ಹಾಗೆ ಕಣ್ಣುಮುಚ್ಚಿ ಅಳಿಸಬೇಡಿ, ನಾನು ಅದರಲ್ಲೇ ಪೆಟ್ಟು ತಿಂದವನು. ನಮ್ಮ ಮೇಸ್ತ್ರಿ ಬುಧವಾರ ಹೇಳಿದ್ದು ಹೀಗಿತ್ತು:

“ಸಾರ್ ಅದೇನಂದ್ರೆ ಸ್ಲ್ಯಾಬು, ಅದೇ ಎರಡನೇ ಫ್ಲೋರ್‌ದು, ಶುಕ್ರವಾರ ಹಾಕೋಣ ಅಂತ, ಅಲ್ಲಲ್ಲ ಶನಿವಾರ, ಕಂಬಿಯವ್ರು ನಾಳೆ ಬರಲ್ಲ ಅಂದ್ರೆ ಸೋಮವಾರಕ್ಕೆ ಹಾಕೋಣ, ಸಿಮೆಂಟು ಎಪ್ಪತ್ತು ಮೂಟೆ ಬೇಕು ಅನ್ಸುತ್ತೆ”

ಇಲ್ಲಿ ಎರಡನೇ ‘ಅಂದ್ರೆ’ ಕಿತ್ತರೆ ಕಂಬಿಯವರು ಬರುವುದೇ ಇಲ್ಲ, ಕೆಲಸ ಸೋಮವಾರವೇ ಅಂತ ಆಗುತ್ತದೆ. ಅವರು ಹೇಳಿದ್ದು ಬರದಿದ್ದರೆ ಅಂತ. ‘ಅನ್ಸುತ್ತೆ’ ಕಿತ್ತರೆ ಅಂದಾಜು ಹೋಗಿ ಆರ್ಡರ್ ಆಗುತ್ತದೆ. ‘ಅಲ್ಲಲ್ಲ’ ಕಂಡರೆ ಅದರ ಹಿಂದಿನದ್ದು ಬಿಟ್ಟು ಮುಂದಿನದ್ದು ಇಟ್ಟುಕೊಳ್ಳಿ. ಲೆಕ್ಕ ಮಾತ್ರ ಕಿವಿಯಿಂದಲೇ ಕೇಳಿ, ಇಪ್ಪತ್ತು ಎಪ್ಪತ್ತು ಫೋನಿಗೆ ಅದಲುಬದಲಾಗುತ್ತದೆ. ‘ನಾಳೆ’ ಅಂತಲೂ ಬರೆಯಬೇಡಿ, ಮಾಲೀಕರು ಮರುದಿನ ಓದಿದರೆ ಕಥೆಯೇ ಬೇರೆ. ನಾನು ಕಳಿಸಿದ್ದು:

“ನಮಸ್ತೆ ಸರ್. ಎರಡನೇ ಮಹಡಿಯ ಸ್ಲ್ಯಾಬ್ ಶನಿವಾರ ಹಾಕುವ ಯೋಚನೆ ಇದೆ. ಕಂಬಿ ಕಟ್ಟುವವರು ಗುರುವಾರ ಬರದಿದ್ದರೆ ಸೋಮವಾರಕ್ಕೆ ಹೋಗುತ್ತದೆ. ಸಿಮೆಂಟ್ ಅಂದಾಜು 70 ಮೂಟೆ ಬೇಕಾಗಬಹುದು.”

ಟ್ಯೂಷನ್ ಹೇಳುವವರು: ನಮ್ಮಲ್ಲಿ ಪೋಷಕರು ಉದ್ದುದ್ದ ವಾಯ್ಸ್ ಹಾಕುತ್ತಿದ್ದರು. ಒಂದು ನಿಮಿಷ ಮೀರಬೇಡಿ ಅಂತ ಗ್ರೂಪಲ್ಲಿ ಹೇಳಿದ ಮೇಲೆ ಎಷ್ಟೋ ವಾಸಿ. ನೀವೂ ಮೇಸ್ತ್ರಿಗೆ ಹೇಳಿ ನೋಡಿ.

ಕೇಳಿದವರು: ಅವರು ಏಣಿ ಮೇಲೆ ನಿಂತೇ ಮಾತಾಡುತ್ತಾರೆ ಮೇಡಂ, ಹಾಗೆ ಹೇಳೋಕೆ ಮನಸ್ಸು ಬರಲ್ಲ. ಇಂಜಿನಿಯರ್ ಸಾರ್, ಕೊನೆಗೆ ‘ಸರಿಯಾದ ಲೆಕ್ಕ ಸಂಜೆ ತಿಳಿಸುತ್ತೇವೆ’ ಅಂತ ಸೇರಿಸಬಹುದಾ? ಅಚ್ಚುಕಟ್ಟಾಗಿ ಕಾಣುತ್ತದೆ.

ಸೈಟ್ ಇಂಜಿನಿಯರ್: ಮೇಸ್ತ್ರಿ ಹಾಗೆ ಹೇಳಿದ್ದರೆ ಸೇರಿಸಿ. ಹೇಳದೆ ಇದ್ದರೆ ಸಂಜೆ ಮಾಲೀಕರು ಫೋನ್ ಮಾಡುವುದು ನಿಮಗೇ. ನಾನು ಕಳಿಸುವ ಮೊದಲು ಮೇಸ್ತ್ರಿಗೆ ಒಂದು ಸಲ ಓದಿ ಹೇಳುತ್ತೇನೆ.

ಅಂಗಡಿ ಲೆಕ್ಕ ನೋಡುವವರು: ‘ಅಂದ್ರೆ’ ವಿಷಯ ಒಪ್ಪಿದೆ, ಇನ್ಮೇಲೆ ಒಂದೊಂದಾಗಿ ನೋಡಿಯೇ ತೆಗೆಯುತ್ತೇನೆ. ಆದರೆ ದಿನಕ್ಕೆ ಇಪ್ಪತ್ತು ವಾಯ್ಸ್ ಬಂದರೆ ಎಲ್ಲರಿಗೂ ಓದಿ ಹೇಳೋಕೆ ಎಲ್ಲಿ ಆಗುತ್ತೆ ಸಾರ್?

ಸೈಟ್ ಇಂಜಿನಿಯರ್: ಎಲ್ಲದಕ್ಕೂ ಬೇಡ. ದುಡ್ಡು, ತಾರೀಕು, ಮೂಟೆ ಇದ್ದದ್ದಕ್ಕೆ ಮಾತ್ರ.